ಹೈಸ್ಕೂಲ್ ಹುಡ್ಗೀರಿಗೆ ರಕ್ತ ಕಮ್ಮಿ ಆಗೋದ್ರ ಬಗ್ಗೆ ಮಾತಾಡ್ಬೇಕು, ನೀಲಿ ಗುಳಿಗೆ ಉಗುಳ್ತಾರೆ, ಹೆಂಗ್ ಹೇಳ್ಲಿ?

ಜಗಳೂರು ಟೀಚರ್
ಎಲ್ರಿಗೂ ನಮಸ್ಕಾರ. ಜಗಳೂರು ತಾಲ್ಲೂಕಲ್ಲಿ ಒಂದು ಸರ್ಕಾರಿ ಹೈಸ್ಕೂಲಲ್ಲಿ ವಿಜ್ಞಾನ ಹೇಳ್ತೀನಿ. ಈ ಶನಿವಾರ 8, 9, 10ನೇ ಕ್ಲಾಸಿನ ಹುಡ್ಗೀರ್ನ ಮಾತ್ರ ಕೂರಿಸ್ಕೊಂಡು ರಕ್ತಹೀನತೆ ಬಗ್ಗೆ ಒಂದ್ ಗಂಟೆ ಮಾತಾಡ್ಬೇಕು ಅಂತ ಆಗಿದೆ. ಪುಸ್ತಕದಲ್ಲಿರೋದು ಓದಿ ಹೇಳೋಕೆ ಬರುತ್ತೆ, ಆದ್ರೆ ಅದ್ರಿಂದ ಏನೂ ಆಗಲ್ಲ ಅಂತ ಗೊತ್ತು, ಯಾಕಂದ್ರೆ ಸೋಮವಾರ ಬಿಸಿಯೂಟ ಆದ್ಮೇಲೆ ಕಬ್ಬಿಣಾಂಶದ ನೀಲಿ ಗುಳಿಗೆ ಕೊಡ್ತೀವಲ್ಲ, ಅರ್ಧ ಹುಡ್ಗೀರು ನಾಲಿಗೆ ಕೆಳಗೆ ಇಟ್ಕೊಂಡು ಹೋಗಿ ಕೈ ತೊಳಿಯೋ ನಲ್ಲಿ ಹತ್ರ ಉಗುಳ್ತಾರೆ. ಕೇಳಿದ್ರೆ ಒಬ್ಳು ವಾಕರಿಕೆ ಅಂತಾಳೆ, ಒಬ್ಳು ದಪ್ಪ ಆಗ್ತೀನಿ ಅಂತಾಳೆ, 10ನೇ ಕ್ಲಾಸಿನವ್ರು ಮುಂದೆ ಮಕ್ಕಳಾಗಲ್ಲ ಅಂತ ಗುಸುಗುಸು ಮಾಡ್ತಾರೆ.

ಹೋದ್ ತಿಂಗ್ಳು ಮೆಡಿಕಲ್ ಟೀಮಿನವ್ರು ಬಂದು ಬೆರಳಿಗೆ ಚುಚ್ಚಿ ರಕ್ತದಲ್ಲಿ ಹಿಮೋಗ್ಲೋಬಿನ್ ನೋಡಿದ್ರು, 12 ಇರ್ಬೇಕಾದ್ದು ಎಷ್ಟೋ ಜನಕ್ಕೆ ಅದ್ರ ಕೆಳಗೆ ಬಂತು, ಕೆಲವ್ರಿಗೆ 9ರ ಆಸುಪಾಸು. ಈಗ ಅವ್ರ ಪ್ರಶ್ನೆ ಏನಂದ್ರೆ "ವಾರಕ್ಕೊಂದು ಗುಳಿಗೆ ತಿಂತಿದೀವಲ್ಲ ಮಿಸ್, ಮತ್ಯಾಕೆ ಕಮ್ಮಿ ಐತೆ?" ನನ್ ಹತ್ರ ಇದಕ್ಕೆ ಸರಿಯಾದ ಉತ್ರ ಇಲ್ಲ. ಇನ್ನೊಂದು, ಊಟದ ವಿಷ್ಯ ಹೇಳುವಾಗ ಖರ್ಜೂರ ದಾಳಿಂಬೆ ಅಂತ ಹೇಳೋಕೆ ಇಷ್ಟ ಇಲ್ಲ, ಇವ್ರ ಮನೇಲಿ ಇರೋದ್ರಲ್ಲೇ ಹೇಳ್ಬೇಕು. ತಿಳಿದವ್ರು ಹೇಳಿ.

ವಿದ್ಯಾನಗರ ಅಮ್ಮ
ಟೀಚರ್, ನನ್ ಮಗ್ಳಿಗೆ ಇದೇ ಸಮಸ್ಯೆ ಇತ್ತು, ದಿನಾ ಬೆಳಿಗ್ಗೆ ಬೀಟ್‌ರೂಟ್ ಜ್ಯೂಸ್ ಕೊಟ್ಟೆ, ಬಣ್ಣ ನೋಡಿದ್ರೇ ಗೊತ್ತಾಗುತ್ತಲ್ವಾ ಅದು ರಕ್ತಕ್ಕೆ ಒಳ್ಳೇದು ಅಂತ. ಜೊತೆಗೆ ಕಬ್ಬಿಣದ ಬಾಣಲೆಲಿ ಪಲ್ಯ ಮಾಡೋಕೆ ಶುರು ಮಾಡಿದೆ, ಟೊಮೆಟೊ ಹುಣಸೆಹಣ್ಣು ಹಾಕಿದ ಗೊಜ್ಜು ಕೂಡ ಅದ್ರಲ್ಲೇ. ಗುಳಿಗೆ ಎಲ್ಲಾ ಉಷ್ಣ, ಹುಡ್ಗೀರಿಗೆ ಆಗಿಬರಲ್ಲ. ಊಟದಲ್ಲೇ ಸರಿ ಮಾಡ್ಬಹುದು, ಸ್ವಲ್ಪ ತಾಳ್ಮೆ ಬೇಕು ಅಷ್ಟೆ.

ಚಳ್ಳಕೆರೆ ಸಿಎಚ್‌ಒ
ನಾನು ಚಳ್ಳಕೆರೆ ಕಡೆ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಸ್ಕೂಲುಗಳಿಗೆ ಹೋಗೋದೇ ಕೆಲ್ಸ, ಹಂಗಾಗಿ ಸ್ವಲ್ಪ ಉದ್ದ ಬರೀತೀನಿ.

ಮೊದ್ಲು ಅಮ್ಮನೋರ ಮಾತಿಗೆ. ಕಬ್ಬಿಣದ ಬಾಣಲೆ ವಿಷ್ಯ ನೀವು ಹೇಳಿದ್ದು ಸರಿ, ಹುಳಿ ಹಾಕಿ ಬೇಯಿಸಿದ್ರೆ ಬಾಣಲೆದು ಕಬ್ಬಿಣ ಅಡುಗೆಗೆ ಇಳಿಯುತ್ತೆ, ನಾನ್‌ಸ್ಟಿಕ್ ಬಿಟ್ಟು ಅದು ಬಳಸೋದು ಒಳ್ಳೇದೇ. ಬೀಟ್‌ರೂಟ್ ಮಾತ್ರ ಬರೀ ಬಣ್ಣ ಅಮ್ಮ, 100 ಗ್ರಾಂಗೆ 1 ಮಿಲಿಗ್ರಾಂ ಕಬ್ಬಿಣಾನೂ ಬರಲ್ಲ. ಅದೇ 100 ಗ್ರಾಂ ಹುರುಳಿಕಾಳಲ್ಲಿ 8 ಮಿಲಿಗ್ರಾಂ ಮೇಲೆ ಇರುತ್ತೆ, ರಾಗಿಲಿ 4ರಿಂದ 5. ಹಂಗಾಗಿ ಟೀಚರ್, ನೀವು ಕೇಳಿದ ಮನೆ ಊಟ ನಿಮ್ ಮುಂದೇನೇ ಐತೆ, ಮುದ್ದೆ ಹುರುಳಿಕಾಳು ಸಾರು, ನುಗ್ಗೆಸೊಪ್ಪು, ಹರಿವೆ ಸೊಪ್ಪು, ತಿನ್ನೋರ ಮನೇಲಿ ಕುರಿ ಈಲಿ.

ಈಗ ಯಾಕೆ ಹುಡ್ಗೀರಿಗೇ ಜಾಸ್ತಿ ಅನ್ನೋದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಲಿ 15ರಿಂದ 19 ವರ್ಷದ ಹುಡ್ಗೀರಲ್ಲಿ ದೇಶಕ್ಕೆ 100ಕ್ಕೆ 59 ಜನಕ್ಕೆ ರಕ್ತ ಕಮ್ಮಿ ಇತ್ತು, ಅದೇ ವಯಸ್ಸಿನ ಹುಡುಗ್ರಲ್ಲಿ 31. ಊಟ ಒಂದೇ ಮನೇದು, ಆದ್ರೂ ಇಷ್ಟು ವ್ಯತ್ಯಾಸ. ಈ ವಯಸ್ಸಲ್ಲಿ ಮೈ ಬೆಳೆಯೋದ್ರಿಂದ ರಕ್ತದ ಅಳತೇನೇ ಜಾಸ್ತಿ ಆಗ್ಬೇಕು, ಅದು ಇಬ್ರಿಗೂ ಐತೆ, ಆದ್ರೆ ಹುಡ್ಗೀಗೆ ಅದೇ ಟೈಮಿಗೆ ಮುಟ್ಟು ಶುರುವಾಗುತ್ತೆ. ಸಾಮಾನ್ಯವಾಗಿ ಒಂದ್ ಸಲಕ್ಕೆ 30-40 ಎಂಎಲ್ ರಕ್ತ ಹೋಗುತ್ತೆ, ಅಂದ್ರೆ ಎಂಟು ಟೀ ಚಮಚದಷ್ಟು. ಕೇಳೋಕೆ ಕಮ್ಮಿ ಅನ್ಸುತ್ತೆ, ಆದ್ರೆ ಅದ್ರಲ್ಲಿ ಸುಮಾರು 15ರಿಂದ 20 ಮಿಲಿಗ್ರಾಂ ಕಬ್ಬಿಣ ಹೋಯ್ತು. ವಾರದ ಲೆಕ್ಕಕ್ಕೆ ಹಾಕಿದ್ರೆ 4-5 ಮಿಲಿಗ್ರಾಂ. ಈ 4-5 ನೆನಪಿಟ್ಕೊಳ್ಳಿ, ನಿಮ್ ಹುಡ್ಗೀರ ಪ್ರಶ್ನೆಗೆ ಉತ್ರ ಅದ್ರಲ್ಲೇ ಐತೆ.

ನೀಲಿ ಗುಳಿಗೇಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್. 60ಕ್ಕೆ 60 ಒಳಗೆ ಹೋಗಲ್ಲ, ಅಂದಾಜು ಹತ್ತರಲ್ಲಿ ಒಂದು ಪಾಲು ಹಿಡಿಯುತ್ತೆ ಅಂದ್ಕೊಳ್ಳಿ, 6 ಮಿಲಿಗ್ರಾಂ. ಅಂದ್ರೆ ವಾರಕ್ಕೊಂದು ಗುಳಿಗೆ ಮುಟ್ಟಲ್ಲಿ ಹೋಗಿದ್ದನ್ನ ತುಂಬಿಸಿ ಒಂದ್ ಚೂರು ಉಳಿಸುತ್ತೆ ಅಷ್ಟೆ. ಆಗ್ಲೇ 9ಕ್ಕೆ ಇಳಿದಿರೋ ಹುಡ್ಗೀನ 12ಕ್ಕೆ ತರೋಕೆ ಅದ್ರ ಕೈಲಿ ಆಗಲ್ಲ. 40 ಕೆಜಿ ಇರೋ ಹುಡ್ಗಿಗೆ 9ರಿಂದ 12ಕ್ಕೆ ಬರೋಕೆ ರಕ್ತಕ್ಕೇ ಸುಮಾರು 300 ಮಿಲಿಗ್ರಾಂ ಕಬ್ಬಿಣ ಬೇಕು, ಮೈಯೊಳಗೆ ಗಂಟು ಕಟ್ಟಿ ಇಡೋದು ಬೇರೆ. ದುಡಿದಿದ್ದೆಲ್ಲ ಸಂತೆ ಖರ್ಚಿಗೇ ಆದ್ರೆ ಹಳೇ ಸಾಲ ಹೆಂಗ್ ತೀರುತ್ತೆ, ಹಂಗೆ. ವಾರದ ಗುಳಿಗೆ ಇರೋದು ಇಳೀದಂಗೆ ತಡಿಯೋಕೆ. 8ರಿಂದ 11.9ರ ಒಳಗೆ ಇರೋರಿಗೆ ಟ್ರೀಟ್‌ಮೆಂಟೇ ಬೇರೆ, ದಿನಾ ಎರಡು ಗುಳಿಗೆ, ಮೂರು ತಿಂಗ್ಳು. 8ರ ಕೆಳಗೆ ಇದ್ರೆ ಗುಳಿಗೆ ಕೊಟ್ಟು ಕಾಯೋದಲ್ಲ, ದೊಡ್ಡ ಆಸ್ಪತ್ರೆಗೆ ಕಳಿಸೋದು.

ಜಗಳೂರು ಟೀಚರ್
ಸರ್ ಈ ಲೆಕ್ಕ ಬೋರ್ಡ್ ಮೇಲೆ ಬರ್ದೇ ತೋರಿಸ್ತೀನಿ, 10ನೇ ಕ್ಲಾಸಿನವ್ರಿಗೆ ಅರ್ಥ ಆಗುತ್ತೆ. ಆದ್ರೆ ಟೀಮಿನವ್ರು 9 ಇದ್ದೋರಿಗೂ ಚೀಟಿ ಕೊಟ್ಟು ಹೋದ್ರು, ದಿನದ ಗುಳಿಗೆ ಯಾರು ಕೊಡ್ತಾರೆ?

ಚಳ್ಳಕೆರೆ ಸಿಎಚ್‌ಒ
ಆ ಚೀಟಿ ಹಿಡ್ಕೊಂಡು ಅಪ್ಪ ಅಮ್ಮನ ಜೊತೆ ಹತ್ತಿರದ ಪಿಎಚ್‌ಸಿಗೋ ಉಪಕೇಂದ್ರಕ್ಕೋ ಹೋಗ್ಬೇಕು, ಗುಳಿಗೆ ಫ್ರೀ. ಸಮಸ್ಯೆ ಆಗೋದೇ ಇಲ್ಲಿ, ಚೀಟಿ ಬ್ಯಾಗಲ್ಲೇ ಉಳಿಯುತ್ತೆ. ನೀವು ಹೆಸ್ರು ಬರ್ಕೊಂಡು ಆಶಾ ಕೈಗೆ ಕೊಡಿ, ಹುಡ್ಗೀರ ಮುಂದೆ ಯಾರ್ದು ಎಷ್ಟು ಅಂತ ಓದ್ಬೇಡಿ. ಮತ್ತೊಂದು, ಬೆರಳನ್ನ ಹಿಂಡಿ ಹಿಂಡಿ ರಕ್ತ ತೆಗೆದ್ರೆ ನೀರು ಸೇರ್ಕೊಂಡು ಕಮ್ಮಿ ತೋರಿಸುತ್ತೆ, ಹಂಗಾಗಿ ತೀರಾ ಕಮ್ಮಿ ಬಂದೋರಿಗೆ ಆಸ್ಪತ್ರೆಲಿ ಇನ್ನೊಂದ್ ಸಲ ನೋಡೋದು ಒಳ್ಳೇದು.

ಮಾಯಕೊಂಡ ರೈತ
ಸಾರ್ ನಮ್ಮನೆಯೋಳು ಬಸುರಿ ಇದ್ದಾಗ ಕೆಂಪು ಗುಳಿಗೆ ಕೊಟ್ಟಿದ್ರು, ಅರ್ಧ ಹಂಗೇ ಉಳದೈತಿ, ಮಗು ಈಗ ಒಂದ್ ವರ್ಷ ದಾಟೇತಿ. ದೊಡ್ಡ ಮಗ್ಳು 8ನೇ ಕ್ಲಾಸು, ಅದನ್ನೇ ಅವ್ಳಿಗೆ ಕೊಟ್ಟು ಖಾಲಿ ಮಾಡಬೋದಾ? ಸುಮ್ನೆ ಹಾಳಾಗ್ತವೆ. ಗೂಟಕ್ಕೆ ಕವರಲ್ಲಿ ನೇತ್ಹಾಕೀವಿ.

ಚಳ್ಳಕೆರೆ ಸಿಎಚ್‌ಒ
ಅಣ್ಣ, ಕೆಂಪಿಗೂ ನೀಲಿಗೂ ಒಳಗಿರೋ ಕಬ್ಬಿಣ ಅಷ್ಟೇ, ಬಣ್ಣ ಬೇರೆ ಮಾಡಿರೋದು ಗರ್ಭಿಣಿಯರ್ದು ಯಾವ್ದು ಮಕ್ಕಳದು ಯಾವ್ದು ಅಂತ ಗುರ್ತಿಗೆ. ಆದ್ರೂ ಹಂಗ್ ಕೊಡ್ಬೇಡಿ. ಡೇಟ್ ಮುಗಿದಿರ್ಬೋದು, ಮಗ್ಳಿಗೆ ರಕ್ತ ಎಷ್ಟೈತೆ ಅಂತ ಗೊತ್ತಿಲ್ಲ, ಸ್ಕೂಲಲ್ಲಿ ಬೇರೆ ಕೊಡ್ತಿರ್ತಾರೆ. ಅದಕ್ಕಿಂತ ಮುಖ್ಯ, ಆ ಕವರ್ ಇವತ್ತೇ ತೆಗೆದು ಆಶಾ ಕೈಗೆ ವಾಪಸ್ ಕೊಡಿ. ಒಂದ್ ವರ್ಷದ ಕೂಸು ಕೈಗೆ ಸಿಕ್ಕಿದ್ನೆಲ್ಲ ಬಾಯಿಗೆ ಹಾಕುತ್ತೆ, ಗುಳಿಗೆ ಮೇಲೆ ಸಕ್ಕರೆ ಲೇಪ ಇದ್ರೆ ಪೆಪ್ಪರ್‌ಮೆಂಟ್ ಥರ ಸಿಹಿ ಅನ್ಸುತ್ತೆ, 10 ಕೆಜಿ ಕೂಸು ನಾಕೈದು ನುಂಗಿದ್ರೂ ವಿಷ ಆಗುತ್ತೆ. ಹಂಗೇನಾದ್ರೂ ಆದ್ರೆ ವಾಂತಿ ಆಗ್ಲಿ ಅಂತ ಕಾಯದೆ, ಗುಳಿಗೆ ಶೀಟ್ ಕೈಲಿ ಹಿಡ್ಕೊಂಡು ಸೀದಾ ದಾವಣಗೆರೆ ಆಸ್ಪತ್ರೆಗೆ ಹೋಗ್ಬೇಕು. ಟೀಚರ್, ಇದನ್ನ ಹುಡ್ಗೀರಿಗೂ ಹೇಳಿ, ತಮ್ಮ ತಂಗೀರು ಇರೋ ಮನೆ ಜಾಸ್ತಿ.

ಮಾಯಕೊಂಡ ರೈತ
ಆತ್ರಿ ಸಾರ್, ಈಗ್ಲೇ ತೆಗಸ್ತೀನಿ.

ದುರ್ಗದ ಹುಡ್ಗಿ
ನಾನು ಡಿಗ್ರಿ ಎರಡನೇ ವರ್ಷ, ಚಿತ್ರದುರ್ಗ. ನನ್ ಕತೆ ಹೇಳ್ತೀನಿ ಯಾಕಂದ್ರೆ ಹೈಸ್ಕೂಲಲ್ಲಿ ಯಾರೂ ಇದನ್ನ ಕೇಳ್ಲಿಲ್ಲ. 9ನೇ ಕ್ಲಾಸಲ್ಲಿ ಸ್ಕೂಲಿಂದ ಕೋಟೆಗೆ ಕರ್ಕೊಂಡ್ ಹೋಗಿದ್ರು, ಏಕನಾಥೇಶ್ವರಿ ಗುಡಿ ಹತ್ರ ಹತ್ತೋಷ್ಟ್ರಲ್ಲಿ ಎದೆ ಡವಡವ ಅಂತ ಕಣ್ಣು ಕತ್ಲೆ ಬಂದು ಕೂತ್ಬಿಟ್ಟೆ, ಎಲ್ಲಾ ನನ್ನ ಸೋಮಾರಿ ಅಂದ್ರು. ಆಮೇಲೆ ನೋಡ್ಸಿದ್ರೆ 8.6. ಗುಳಿಗೆ ನುಂಗಿದೆ, ನಿಯತ್ತಾಗಿ ನುಂಗಿದೆ, ಏರಿದಂಗೆ ಆಗಿ ಮತ್ತೆ ಇಳಿಯೋದು. ಕೊನೆಗೆ ಒಬ್ರು ಲೇಡಿ ಡಾಕ್ಟ್ರು ಪೀರಿಯಡ್ಸ್ ಎಷ್ಟು ದಿನ ಅಂತ ಕೇಳಿದ್ರು, ನಂಗೆ 8-9 ದಿನ ಹೋಗ್ತಿತ್ತು, ಗಂಟೆಗೊಂದ್ ಸಲ ಪ್ಯಾಡ್ ಚೇಂಜ್ ಮಾಡ್ಬೇಕಿತ್ತು, ಗಡ್ಡೆ ಗಡ್ಡೆ ಬೀಳ್ತಿತ್ತು, ಎಲ್ರಿಗೂ ಹಿಂಗೇ ಅಂತ ಅಂದ್ಕೊಂಡಿದ್ದೆ, ಅಮ್ಮನೂ ನಂಗೂ ಹಂಗೇ ಇತ್ತು ಅಂತಿದ್ರು. ಟೆಸ್ಟ್ ಮಾಡ್ಸಿದ್ರೆ ಥೈರಾಯ್ಡ್ ತೊಂದ್ರೆ. ಅದಕ್ಕೆ ಔಷಧಿ ಶುರುವಾದ್ಮೇಲೆ ಮುಟ್ಟು ಸರಿಯಾಯ್ತು, ಏರಿದ ರಕ್ತ ಮತ್ತೆ ಇಳೀದೆ ನಿಂತ್ಕೊಂಡ್ತು. ಮಿಸ್, ದಯವಿಟ್ಟು ಶನಿವಾರ ಇದನ್ನ ಬಾಯ್ಬಿಟ್ಟು ಕೇಳಿ.

ಇನ್ನೊಂದು, ನಾನು ಆಗ ಬಳಪ ತಿಂತಿದ್ದೆ, ಹಸಿ ಅಕ್ಕೀನೂ. ಬೈಸ್ಕೊಂಡಿದ್ದು ಲೆಕ್ಕ ಇಲ್ಲ. ಅದೂ ರಕ್ತ ಕಮ್ಮಿ ಇರೋದ್ರ ಗುರ್ತು ಅಂತ ಆಮೇಲೆ ಗೊತ್ತಾಯ್ತು.

ಚಳ್ಳಕೆರೆ ಸಿಎಚ್‌ಒ
ತಂಗಿ ಬರೆದಿದ್ದು ನೂರಕ್ಕೆ ನೂರು ಮುಖ್ಯ. 7 ದಿನಕ್ಕಿಂತ ಜಾಸ್ತಿ, ಒಂದೆರಡು ಗಂಟೆಗೇ ಪ್ಯಾಡ್ ತುಂಬೋದು, ದೊಡ್ಡ ಗಡ್ಡೆ, ಇದ್ರಲ್ಲಿ ಯಾವ್ದಿದ್ರೂ ತೋರಿಸ್ಬೇಕು, ಹಂಗಿದ್ರೆ 80 ಎಂಎಲ್ ಮೇಲೆ ಹೋಗ್ತಿರ್ಬೋದು, ನಾನ್ ಮೇಲೆ ಹೇಳಿದ ಲೆಕ್ಕ ಡಬಲ್ ಆಯ್ತು. ಬಳಪ, ಮಣ್ಣು, ಅಕ್ಕಿ ತಿನ್ನೋ ಹುಡ್ಗೀರ್ನ ಬೈಯದೆ ಟೆಸ್ಟಿಗೆ ಕಳಿಸಿ ಟೀಚರ್, ಕಬ್ಬಿಣ ತುಂಬಿದ್ಮೇಲೆ ಸಾಮಾನ್ಯವಾಗಿ ಆ ಆಸೆ ತಾನಾಗೇ ಹೋಗುತ್ತೆ.

ಆಶಾ ಅಕ್ಕ ಹೊಳಲ್ಕೆರೆ
ನಂಗೆ ಓದು ಕಮ್ಮಿ, ಆದ್ರೆ ಗುಳಿಗೆ ನುಂಗ್ಸೋದು ಗೊತ್ತು. ಮೊದ್ಲು ಟೀಚರ್ರೇ ಮಕ್ಕಳ ಮುಂದೆ ಒಂದು ನುಂಗ್ಬೇಕು, ಅಲ್ಲಿಗೆ ಮಕ್ಕಳಾಗಲ್ಲ ಅನ್ನೋ ಮಾತು ಅರ್ಧ ನಿಲ್ತದೆ. ಬಸುರೀರಿಗೇ ನಾವು ದಿನಾ ಒಂದರಂಗೆ 180 ಗುಳಿಗೆ ಕೊಡ್ತೀವಿ, ಮಕ್ಕಳಾಗ್ದಂಗೆ ಮಾಡೋ ಗುಳಿಗೆ ಆಗಿದ್ರೆ ಅವ್ರಿಗೆ ಕೊಡ್ತಿದ್ವಾ ಅಂತ ಕೇಳ್ರಿ, ಹುಡ್ಗೀರು ಸುಮ್ನಾಗ್ತಾರೆ. ಊಟ ಆದ ಕೂಡ್ಲೆ ಅಲ್ಲೇ ಕೂತಲ್ಲೇ ನೀರ್ ಕುಡಿಸಿ ನುಂಗ್ಸಿ, ಎದ್ದು ಹೋಗೋಕೆ ಬಿಡ್ಬೇಡಿ. ಬೆಳಿಗ್ಗೆ ಏನೂ ತಿನ್ನದೆ ಮಧ್ಯಾಹ್ನ ಎರಡು ತುತ್ತು ತಿಂದು ನುಂಗಿದೋರಿಗೇ ವಾಂತಿ ಬರೋದು, ಒಬ್ಳು ಮಾಡಿದ್ರೆ ನೋಡಿ ನಾಕು ಜನ ಮಾಡ್ತಾರೆ, ಆಮೇಲೆ ಊರವ್ರೆಲ್ಲ ಸ್ಕೂಲಿಗೆ ಬರ್ತಾರೆ. ಕಕ್ಕಸು ಕಪ್ಪಗಾಗ್ತದೆ ಅಂತ ಮೊದ್ಲೇ ಹೇಳ್ಬಿಡ್ರಿ, ಹೇಳ್ದಿದ್ರೆ ಹೆದ್ರಿ ಬಿಟ್ಬಿಡ್ತಾರೆ.

ಜಂತುಹುಳದ ಗುಳಿಗೆ ಬಿಟ್ರಿ ಯಾರೂ ಹೇಳ್ಲಿಲ್ಲ. ಹೊಲಕ್ಕೆ ಬರಿಗಾಲಲ್ಲಿ ಹೋಗೋ ಮಕ್ಕಳು, ಕೊಕ್ಕೆಹುಳ ಕಾಲಿಂದ್ಲೇ ಹತ್ತಿ ಕರುಳಿಗೆ ಕಚ್ಕೊಂಡು ರಕ್ತ ಹೀರ್ತವೆ. ಫೆಬ್ರವರಿ, ಆಗಸ್ಟು ಎರಡು ಸಲ ಅಲ್ಬೆಂಡಜೋಲ್ ಜಗಿದು ತಿನ್ನೋದು ತಪ್ಪಿಸ್ಬಾರ್ದು.

ಚಳ್ಳಕೆರೆ ಸಿಎಚ್‌ಒ
ಅಕ್ಕ ಹೇಳಿದ ಕಪ್ಪು ಬಣ್ಣದ ಮೇಲೆ ಒಂದು ಕೇಸ್ ಹೇಳ್ತೀನಿ. ನಮ್ಮ ಕಡೆ ಒಬ್ಳು 9ನೇ ಕ್ಲಾಸ್ ಹುಡ್ಗಿ, 9.0 ಇತ್ತು. ದಿನಾ ಎರಡು ಗುಳಿಗೆ ಕೊಟ್ವಿ. ಒಂದ್ ತಿಂಗ್ಳಿಗೆ ಕಮ್ಮಿ ಅಂದ್ರೂ 1 ಗ್ರಾಂ ಏರ್ಬೇಕು, ಇವ್ಳಿಗೆ 9.3. ಏರ್ಲಿಲ್ಲ ಅಂದ್ರೆ ದೊಡ್ಡ ಆಸ್ಪತ್ರೆಗೆ ಕಳಿಸ್ಬೇಕು ಅಂತ ನಿಯಮ, ಚೀಟಿ ಬರೀತಾನೇ ಅವ್ಳನ್ನ ಕೇಳ್ದೆ, ಕಪ್ಪಗೆ ಹೋಗ್ತೈತಾ ಅಂತ. ಇಲ್ಲ ಸಾರ್ ಅಂದ್ಳು. ಗುಳಿಗೆ ನುಂಗ್ತಿದ್ರೆ ಸಾಮಾನ್ಯವಾಗಿ ಬಣ್ಣ ಬದಲಾಗ್ಲೇಬೇಕು, ಅಲ್ಲಿಗೆ ನಂಗೆ ಡೌಟ್ ಬಂತು. ಅಮ್ಮನ್ನ ಕೂರಿಸ್ಕೊಂಡು ಕೇಳಿದ್ರೆ ಮೊದಲ್ನೇ ವಾರ ಕಪ್ಪಗೆ ಹೋಯ್ತು ಅಂತ ಹೆದರಿ ದಿನ ಬಿಟ್ಟು ದಿನ ಒಂದೇ ಕೊಟ್ಟಿದಾರೆ, ಅದೂ ಬೆಳಿಗ್ಗೆ ಟೀ ಜೊತೆ. ಟೀಲಿರೋ ಒಗರು ಕಬ್ಬಿಣಾನ ಹಿಡ್ಕೊಂಬಿಡುತ್ತೆ, ಒಳಗೆ ಇಳಿಯೋಕೆ ಬಿಡಲ್ಲ. ಹೊಟ್ಟೆನೂ ಖಾಲಿ, ವಾಕರಿಕೆ ಬೇರೆ.

ಆಮೇಲೆ ಮಾಡಿದ್ದು ಇಷ್ಟೇ. ಗುಳಿಗೆ ರಾತ್ರಿ ಊಟದ್ಮೇಲೆ ಮಲಗೋ ಹೊತ್ತಿಗೆ, ಸಾರಿಗೆ ಅರ್ಧ ನಿಂಬೆಹಣ್ಣು ಹಿಂಡ್ಕೊಂಡು. ಟೀ ಬೇಕೇ ಬೇಕು ಅಂದ್ರೆ ಊಟಕ್ಕೆ ಒಂದ್ ಗಂಟೆ ಹಿಂದೆ ಮುಂದೆ. ಆಸ್ಪತ್ರೇಲೂ ತೋರಿಸ್ಕೊಂಡ್ ಬಂದ್ರು, ಬೇರೆ ಏನೂ ಸಿಗ್ಲಿಲ್ಲ. ಮುಂದಿನ ತಿಂಗ್ಳು 10.6, ಅದಾದ್ಮೇಲೆ 11.7, ಕೊನೆಗೆ 12.2. ಅದ್ರ ಮಧ್ಯೆ 10.6 ಬಂದಾಗ ಮೈ ಹಗುರ ಆಯ್ತು ಸಾಕು ಅಂತ ಬಿಡೋಕೆ ಹೊರಟಿದ್ರು, ಅಲ್ಲೇ ಎಲ್ರೂ ಬಿಡೋದು. 12 ದಾಟಿದ್ಮೇಲೆ ವಾಪಸ್ ವಾರದ ನೀಲಿ ಗುಳಿಗೆಗೆ ಬಂದ್ಳು, ಈಗ ಅವ್ಳಿಗೆ ಅದು ಸಾಕು.

ಒಂದು ಎಚ್ಚರಿಕೆ, ಗುಳಿಗೆ ತಗೋಳ್ದೆ ಇರೋರಿಗೆ ಟಾರ್ ಥರ ಕರ್ರಗೆ ಅಂಟಂಟಾಗಿ ಹೋದ್ರೆ ಅದು ಬೇರೆ, ತಡ ಮಾಡ್ದೆ ಆಸ್ಪತ್ರೆ.

ವಿದ್ಯಾನಗರ ಅಮ್ಮ
ಅಂದ್ರೆ ಊಟದಲ್ಲಿ ಆಗೋದೇ ಇಲ್ವಾ ಸರ್? ನನ್ ಮಗ್ಳಿಗೆ ಏರಿತ್ತಲ್ಲ.

ಚಳ್ಳಕೆರೆ ಸಿಎಚ್‌ಒ
ಅಮ್ಮ, 11.5 ಇದ್ದೋರಿಗೆ ಊಟ, ಬಾಣಲೆ, ನಿಂಬೆಹಣ್ಣು ಎಲ್ಲಾ ಸೇರಿ ಏರಿರ್ಬೋದು, ಇಲ್ಲ ಅನ್ನಲ್ಲ. ಆದ್ರೆ 13-15ರ ಹುಡ್ಗಿಗೆ ದಿನಕ್ಕೆ 30 ಮಿಲಿಗ್ರಾಂ ಊಟದಲ್ಲಿ ಬೇಕು ಅಂತಾರೆ ಐಸಿಎಂಆರ್‌ನವ್ರು. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆ ತಿಂದು, ಒಂದು ಹಿಡಿ ಹುರುಳಿಕಾಳು ತಿಂದ್ರೂ 7-8 ಆಗುತ್ತೆ. ಅನ್ನ ತಿಳಿಸಾರು ಅಂತೂ ಲೆಕ್ಕಕ್ಕೇ ಇಲ್ಲ. ಕಾಳು ಸೊಪ್ಪಿನ ಕಬ್ಬಿಣ ಮೈಗೆ ಹಿಡಿಯೋದೂ ಕಮ್ಮಿ, ಅದಕ್ಕೇ ಹುಳಿ ಮುಖ್ಯ. ಕಾಳು ಮೊಳಕೆ ಕಟ್ಟಿ, ಮೇಲೆ ನಿಂಬೆ ಹಿಂಡಿ, ಇಲ್ಲ ಊಟ ಆದ್ಮೇಲೆ ಒಂದು ಸೀಬೆಹಣ್ಣು ನೆಲ್ಲಿಕಾಯಿ. ಮಗ್ಳಿಗೆ ಒಳ್ಳೇದೇ ಮಾಡಿದೀರ, ವಾರದ ಗುಳಿಗೇನೂ ಸೇರಿಸಿ ಅಷ್ಟೆ. ಉಷ್ಣ ಅಂತ ನೀವು ಹೇಳೋದು ಹೊಟ್ಟೆ ಉರಿ, ಅದು ಊಟದ್ಮೇಲೆ ತಗೊಂಡ್ರೆ ಕಮ್ಮಿ ಆಗುತ್ತೆ.

ಬೋರ್‌ವೆಲ್ ನೀರು
ಒಂದ್ ಪ್ರಶ್ನೆ. ಜಗಳೂರು, ಮೊಳಕಾಲ್ಮೂರು ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಂತ ಎಲ್ರಿಗೂ ಗೊತ್ತು, ಹಲ್ಲು ಹಳದಿ ಆಗಿರೋ ಮಕ್ಕಳು ಎಷ್ಟಿಲ್ಲ. ಫ್ಲೋರೈಡಿಂದ ಕರುಳು ಕೆಟ್ಟು ಕಬ್ಬಿಣ ಹಿಡಿಯಲ್ಲ ಅಂತ ಓದಿದೀನಿ. ಹಂಗಿದ್ರೆ ನೀರು ಸರಿ ಮಾಡ್ದೆ ಗುಳಿಗೆ ಕೊಟ್ಟು ಏನ್ ಪ್ರಯೋಜನ?

ಚಳ್ಳಕೆರೆ ಸಿಎಚ್‌ಒ
ಹಂಗೆ ಹೇಳೋ ಸಂಶೋಧಕರು ಇದಾರೆ, ಆದ್ರೆ ಎಷ್ಟರ ಮಟ್ಟಿಗೆ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ನೀರು ಶುದ್ಧ ಆಗ್ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಇದೇ ನೀರು ಕುಡಿಯೋ ಹುಡ್ಗೀರಿಗೇ ಗುಳಿಗೆಲಿ 9ರಿಂದ 12ಕ್ಕೆ ಬರೋದು ನಾನು ನೋಡ್ತಿದೀನಿ.

ಬೋರ್‌ವೆಲ್ ನೀರು
ಬಂದೋರ್ನ ನೋಡಿದೀರ ಸರಿ, ಬರದೇ ಇರೋರಲ್ಲಿ ಎಷ್ಟು ಜನಕ್ಕೆ ನೀರೇ ಕಾರಣ ಅಂತ ಯಾರು ನೋಡಿದಾರೆ? ನಾನು ಇದನ್ನ ಇಲ್ಲಿಗೇ ಬಿಡಲ್ಲ.

ಚಳ್ಳಕೆರೆ ಸಿಎಚ್‌ಒ
ಆ ಪ್ರಶ್ನೆ ನ್ಯಾಯವಾದದ್ದೇ. ಬರದೇ ಇರೋರಲ್ಲಿ ನಾವು ನೋಡೋದು ಜಾಸ್ತಿ ಮುಟ್ಟು, ಹುಳ, ಅಪ್ಪ ಅಮ್ಮನಿಂದ ಹುಟ್ಟಿನಲ್ಲೇ ಬರೋ ರಕ್ತದ ಕಾಯಿಲೆ ಥಲಸೇಮಿಯಾ, ಮತ್ತೆ ಹಾಲು ಮೊಸರೂ ಸರಿಯಾಗಿ ಸಿಗದ ಸಸ್ಯಾಹಾರಿ ಮನೆಗಳಲ್ಲಿ ಬಿ12 ಕಮ್ಮಿ ಇರೋದು. ಬಿ12 ಕಮ್ಮಿ ಇದ್ರೆ ಬರೀ ಕಬ್ಬಿಣ ಎಷ್ಟ್ ಕೊಟ್ರೂ ಏರಲ್ಲ. ನೀರನ್ನ ಆ ಪಟ್ಟಿಗೆ ಸೇರಿಸಿ ನೋಡೋ ಅನುಕೂಲ ನಮ್ ಉಪಕೇಂದ್ರದಲ್ಲಿ ಇಲ್ಲ.

ಜಗಳೂರು ಟೀಚರ್
ಎಲ್ರಿಗೂ ತುಂಬಾ ಥ್ಯಾಂಕ್ಸ್. ಹಿಂಗ್ ಶುರು ಮಾಡ್ತೀನಿ, ಮೊದ್ಲು ಮೆಟ್ಲು ಹತ್ತಿದ್ರೆ ಯಾರಿಗೆ ಏದುಸಿರು, ಬಳಪ ಯಾರು ತಿಂತೀರ, ಪೀರಿಯಡ್ಸ್ ಎಷ್ಟು ದಿನ, ಇದನ್ನ ಹೆಸ್ರಿಲ್ಲದ ಚೀಟಿಲಿ ಬರ್ಸಿ ಡಬ್ಬಿಗೆ ಹಾಕ್ಸೋದು, ಆಮೇಲೆ ಆ ಚೀಟಿ ಇಟ್ಕೊಂಡೇ ಮಾತು. ಲೆಕ್ಕ ಬೋರ್ಡ್ ಮೇಲೆ. ಕೊನೆಗೆ ನಾನೇ ಒಂದು ಗುಳಿಗೆ ನುಂಗಿ ತೋರಿಸ್ತೀನಿ. ಚೀಟಿಲಿ ಜಾಸ್ತಿ ದಿನ ಅಂತ ಬರೆದೋರು ಯಾರು ಅಂತ ನಂಗೆ ಗೊತ್ತಾಗಲ್ಲ, ಹಂಗಾಗಿ ಸಂಜೆ ಸ್ಟಾಫ್ ರೂಮಲ್ಲಿ ಒಬ್ಳೇ ಇರ್ತೀನಿ ಬನ್ನಿ ಅಂತ ಹೇಳ್ತೀನಿ.

ಎರಡು ಉಳಿದ್ವು. ಸೋಮವಾರ ರಜಾ ಹಾಕಿದೋರಿಗೆ ಮುಂದಿನ ವಾರ ಎರಡು ಕೊಡ್ಬಹುದಾ? ಇನ್ನೊಂದು, ನಮ್ಮಲ್ಲಿ ಸುಮಾರು ಹುಡ್ಗೀರು ಸೋಮವಾರ ಒಪ್ಪತ್ತು, ಶ್ರಾವಣದಲ್ಲಂತೂ ಬಿಸಿಯೂಟಾನೂ ಮುಟ್ಟಲ್ಲ, ಖಾಲಿ ಹೊಟ್ಟೆಲೇ ಗುಳಿಗೆ ನುಂಗ್ತಾರೆ.

ಚಳ್ಳಕೆರೆ ಸಿಎಚ್‌ಒ
ಎರಡು ಒಟ್ಟಿಗೆ ಬೇಡ. ಒಂದ್ ಡೋಸ್ ಹೋದ್ಮೇಲೆ ಕರುಳು ಸ್ವಲ್ಪ ಹೊತ್ತು ತಾನೇ ಬಾಗ್ಲು ಹಾಕ್ಕೊಳ್ಳುತ್ತೆ, ಎರಡನೇದು ಜಾಸ್ತಿ ಒಳಗೆ ಹೋಗಲ್ಲ, ಹೊಟ್ಟೆನೋವು ಮಾತ್ರ ಬರುತ್ತೆ. ತಪ್ಪಿಸ್ಕೊಂಡೋರಿಗೆ ಬಂದ ದಿನ ಊಟ ಆದ್ಮೇಲೆ ಒಂದು ಕೊಡಿ, ರಿಜಿಸ್ಟರಲ್ಲಿ ಆ ದಿನದ ತಾರೀಕು ಹಾಕಿ. ಒಪ್ಪತ್ತಿನವ್ರಿಗೂ ಅದೇ, ಅವ್ರ ಹೆಸ್ರು ಬೇರೆ ಬರ್ಕೊಂಡು ಮಂಗಳವಾರ ಬಿಸಿಯೂಟ ಆದ್ಮೇಲೆ ಕೊಡಿ. ಜ್ವರ ಇರೋರಿಗೆ ಇಳಿದ್ಮೇಲೆ.

ಆಶಾ ಅಕ್ಕ ಹೊಳಲ್ಕೆರೆ
ಮಂಗಳವಾರ ಅಂದ್ರೆ ಬೇರೆ ದೇವ್ರ ಒಪ್ಪತ್ತಿನವ್ರೂ ಇರ್ತಾರೆ ಮೇಡಂ, ಒಂದ್ ಸಲ ಕೇಳ್ಕೊಂಡೇ ದಿನ ಇಡ್ರಿ.